ಏಜೆಂಟನ್ನು ಹೊರಗೆ ನೋಡು

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಅಂತ ನಮ್ಮ ಕಡೆ ಒಂದು ಮಾತಿದೆ. ಮರುಳಸಿದ್ಧೇಶ್ವರ ಗುಡಿಯೊಳಗೆ ಕಾಲಿಟ್ಟು, ಕತ್ತೆತ್ತಿ ಕೆತ್ತನೆ ನೋಡಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕೊಲ್ಲಿ ದೇಶಕ್ಕೆ ಕೂಲಿಗೆ ಹೊರಟವರು ಮಾತ್ರ ಈ ಮಾತಿನ ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಳ್ಳಿ. ಏಜೆಂಟನ್ನು ಹಂಪಿಯ ಹಾಗೆ ಹೊರಗಿನಿಂದ ನೋಡಿ. ಒಳಗೆ ಹೊಕ್ಕು ನೋಡಿದವರು ಮೋಸ ಹೋದದ್ದು ಕಡಿಮೆ. ನಮ್ಮ ಉದ್ದೇಶ ಅದಲ್ಲ.

ಮೊದಲು, ಏಜೆಂಟನ್ನು ಹುಡುಕಿಕೊಂಡು ನೀವು ಹೋಗಬೇಡಿ. ಅವನೇ ಬರಲಿ. ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿ, ಈ ಸಲ ಬೆಂಗಳೂರಿಗೆ ಗುಳೆ ಹೋಗೋದೋ ಮಂಡ್ಯದ ಕಡೆ ಕಬ್ಬು ಕಡಿಯೋಕೆ ಹೋಗೋದೋ ಅಂತ ಮನೆಯಲ್ಲಿ ಮಾತು ನಡೆದಿರುವ ಹೊತ್ತಿಗೆ ಸರಿಯಾಗಿ ಬರುತ್ತಾನೆ. ನಿಮ್ಮ ಸೋದರಮಾವನ ಷಡ್ಡಕನ ಪೈಕಿ ಎಂದು ಪರಿಚಯ ಹೇಳಿಕೊಳ್ಳುತ್ತಾನೆ. ಕೊಟ್ಟೂರು ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಮಿರ್ಚಿ ಕೊಡಿಸಿ, ದುಡ್ಡು ತಾನೇ ಕೊಡುತ್ತಾನೆ. ಇವನಿಗೆ ಲೈಸೆನ್ಸ್ ಇದೆಯೇ ಎಂದು ಕೇಳಬೇಡಿ. ಮಿರ್ಚಿ ತಿಂದ ಬಾಯಲ್ಲಿ ಅಂಥ ಮಾತು ಆಡಬಾರದು.

1983ರ ವಲಸೆ ಕಾಯಿದೆಯ ಪ್ರಕಾರ, ವಿದೇಶದ ಕೆಲಸಕ್ಕೆ ಜನ ಕಳಿಸುವವರು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ದೊಡ್ಡ ಏಜೆನ್ಸಿಯಾದರೆ 50 ಲಕ್ಷ ರೂಪಾಯಿ ಬ್ಯಾಂಕ್ ಗ್ಯಾರಂಟಿ ಇಟ್ಟಿರಬೇಕು. ನೋಂದಾಯಿತ ಏಜೆನ್ಸಿ ಕೂಡ ಊರೂರಿಗೆ ಸಬ್ ಏಜೆಂಟರನ್ನು ಬಿಡುವಂತಿಲ್ಲ. ಅಂದರೆ ‘ನಾನು ಮುಂಬೈ ಕಂಪನಿಯ ಸಬ್ ಏಜೆಂಟ್’ ಎಂದು ಅವನು ಎದೆ ತಟ್ಟಿಕೊಂಡು ಹೇಳಿದರೆ, ಅವನೇ ತನ್ನ ತಪ್ಪನ್ನು ಒಪ್ಪಿಕೊಂಡ ಹಾಗೆ. ನೀವು ಅದನ್ನು ಅರ್ಹತೆ ಎಂದು ತಿಳಿಯಿರಿ. ಅವನು ಗ್ಯಾರಂಟಿಯಾಗಿ ಇಟ್ಟಿರುವುದು ‘ನಾನಿದೀನಲ್ಲ’ ಎಂಬ ಒಂದು ಮಾತು.

ಈಗ ಅವನು ಕೊಟ್ಟ ಕಾರ್ಡನ್ನು ಕೈಗೆ ತೆಗೆದುಕೊಳ್ಳಿ. ಮೇಲೊಂದು ವಿಮಾನ, ಪಕ್ಕದಲ್ಲೊಂದು ಗಗನಚುಂಬಿ ಕಟ್ಟಡ, ಕೆಳಗೆ ಇಂಗ್ಲಿಷ್ ಅಕ್ಷರ, ಓರೆಗೆರೆ, ಅಂಕಿ ಬೆರೆಸಿದ ಉದ್ದನೆಯ ನಂಬರು. ವಿಮಾನವನ್ನೇ ನೋಡಿ. ನಂಬರನ್ನು ಮೊಬೈಲಿನಲ್ಲಿ ಹೊಡೆಯಲು ಹೋಗಬೇಡಿ. ಯಾಕೆಂದರೆ emigrate.gov.in ಎಂಬ ಸರಕಾರಿ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ನಂಬರು ಇನ್ನೂ ಚಾಲ್ತಿಯಲ್ಲಿದೆಯೋ, ಅಮಾನತಾಗಿದೆಯೋ, ಅವಧಿ ಮುಗಿದಿದೆಯೋ ಎಂದು ಅಲ್ಲಿ ಬರೆದಿರುತ್ತದೆ. ಅಕ್ರಮ ಏಜೆಂಟರ ಪಟ್ಟಿಯೂ ಅಲ್ಲೇ ಇದೆ. ಐದು ನಿಮಿಷದ ಕೆಲಸ. ಐದು ನಿಮಿಷದಲ್ಲಿ ಒಂದು ಕನಸು ಹಾಳಾಗುತ್ತದೆ.

ತಡೆಯಲಾರದೆ ನೋಡಿಯೇ ಬಿಟ್ಟಿರಿ, ನಂಬರು ಚಾಲ್ತಿಯಲ್ಲೇ ಇದೆ ಎಂದು ಬಂತು ಅನ್ನಿ. ಅಲ್ಲಿಗೇ ನಿಲ್ಲಿಸಿ. ಇದು ಬಹಳ ಮುಖ್ಯ. ಹುಷಾರಿ ಏಜೆಂಟ್ ಸುಳ್ಳು ನಂಬರು ಹಾಕುವುದಿಲ್ಲ, ಯಾರದೋ ನಿಜವಾದ ನಂಬರನ್ನು ಎರವಲು ತಂದಿರುತ್ತಾನೆ. ಪಟ್ಟಿಯಲ್ಲಿ ಆ ನಂಬರಿನ ಮುಂದೆ ಏಜೆನ್ಸಿಯ ಹೆಸರು, ವಿಳಾಸ, ಫೋನ್ ಇರುತ್ತದೆ. ಕಾರ್ಡಿನ ಹೆಸರಿಗೂ ಪಟ್ಟಿಯ ಹೆಸರಿಗೂ ತಾಳೆ ಹಾಕಿದರೆ, ಅದಕ್ಕಿಂತ ಮಿಗಿಲಾಗಿ, ಕಾರ್ಡಿನಲ್ಲಿರುವ ಫೋನ್ ಬಿಟ್ಟು ಪಟ್ಟಿಯಲ್ಲಿರುವ ಫೋನಿಗೆ ಕರೆ ಮಾಡಿ ‘ಕೊಟ್ಟೂರಿನಲ್ಲಿ ನಿಮ್ಮ ಆಫೀಸು ಇದೆಯಾ ಸರ್?’ ಎಂದು ಕೇಳಿದರೆ ಕಥೆ ಮುಗಿಯಿತು. ಕಾರ್ಡಿನ ಫೋನಿಗೇ ಮಾಡಿ. ಅದನ್ನು ಎತ್ತುವವನು ಅವನ ತಮ್ಮ. ಅಣ್ಣನ ಬಗ್ಗೆ ಒಳ್ಳೆಯದನ್ನೇ ಹೇಳುತ್ತಾನೆ.

ಇನ್ನು ದುಡ್ಡು. ನೋಂದಾಯಿತ ಏಜೆನ್ಸಿ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400. ರಸೀದಿ ಕೊಡಲೇಬೇಕು. ಇಷ್ಟು ಅಗ್ಗದ ಕೆಲಸ ಯಾರಿಗೆ ಬೇಕು? ನಿಮ್ಮವನು 1,20,000 ಕೇಳುತ್ತಾನೆ. ‘ವೀಸಾ ಅರವತ್ತು, ಟಿಕೆಟ್ ಇಪ್ಪತ್ತೈದು, ಮೆಡಿಕಲ್ ಹತ್ತು, ಏರ್‌ಪೋರ್ಟ್ ಸೆಟ್ಟಿಂಗ್ ಇಪ್ಪತ್ತೈದು’ ಎಂದು ಬೆರಳು ಮಡಚುತ್ತಾನೆ. ಕೊನೆಯ ಬೆರಳಿನ ಬಗ್ಗೆ ಕೇಳಬೇಡಿ. ಚೆಕ್ ಬೇಡ, ಫೋನ್‌ಪೇ ಬೇಡ, ಅವು ಗುರುತು ಉಳಿಸುತ್ತವೆ. ನಗದು ಕೊಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಡಿ, ರಾತ್ರಿ ಕೊಟ್ಟರೆ ಇನ್ನೂ ಒಳ್ಳೆಯದು. ರಸೀದಿ ಕೇಳಿದರೆ ಅವನ ಮುಖ ಬಾಡುತ್ತದೆ: ‘ನನ್ನ ಮೇಲೆ ನಂಬಿಕೆ ಇಲ್ಲೇನಪ್ಪಾ?’ ಸಂಬಂಧ ದೊಡ್ಡದು.

ಈ ದುಡ್ಡನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತನ್ನಿ. ತಿಂಗಳಿಗೆ ಬರೀ ಬಡ್ಡಿ 3,600 ಆಯಿತು. ಈ ಲೆಕ್ಕವನ್ನು ಬರೆಯಬೇಡಿ. ಬರೆದರೆ ಹೆಂಡತಿ ಓದುತ್ತಾಳೆ.

ಈಗ ಪಾಸ್‌ಪೋರ್ಟ್. ನೀವು ಎಸ್ಸೆಸ್ಸೆಲ್ಸಿ ಪಾಸಾಗಿಲ್ಲದಿದ್ದರೆ ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಬರುತ್ತದೆ. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ, ಅಂಥ ಪಾಸ್‌ಪೋರ್ಟಿನವರು ಹೊರಡುವ ಮುಂಚೆ ವಲಸೆ ಅನುಮತಿ ಪಡೆಯಬೇಕು. ಜನ ಇದನ್ನು ಕ್ಲಿಯರೆನ್ಸ್ ಅನ್ನುತ್ತಾರೆ. ಏಜೆನ್ಸಿಯು ನಿಮ್ಮ ಕೆಲಸದ ಕರಾರು, ಉದ್ಯೋಗ ವೀಸಾ, ವಿಮೆ ಎಲ್ಲವನ್ನೂ ಅದೇ ಸರಕಾರಿ ತಾಣಕ್ಕೆ ಹಾಕುತ್ತದೆ. ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಅಧಿಕಾರಿ ನೋಡಿ ಒಪ್ಪುತ್ತಾರೆ. ಅವರ ಕಚೇರಿ ಬೆಂಗಳೂರಿನಲ್ಲೂ ಇದೆ. ಒಪ್ಪಿದ್ದು ವಿಮಾನ ನಿಲ್ದಾಣದ ಕಂಪ್ಯೂಟರಿನಲ್ಲೇ ಕಾಣುತ್ತದೆ. ಸರಕಾರದ ಶುಲ್ಕ 200 ರೂಪಾಯಿ. ಎರಡು ವರ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ 275 ರೂಪಾಯಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ.

ಇಲ್ಲಿ ನಿಮ್ಮ ಏಜೆಂಟ್ ಬೆಲೆಬಾಳುವ ಸಲಹೆ ಕೊಡುತ್ತಾನೆ: ‘ಕ್ಲಿಯರೆನ್ಸ್ ಎಲ್ಲಾ ತಲೆನೋವು. ವಿಸಿಟ್ ವೀಸಾದಲ್ಲಿ ಹೋಗ್ಬಿಡು, ಅಲ್ಲಿ ಹೋದ ಮ್ಯಾಲೆ ಚೇಂಜ್ ಮಾಡಿಸ್ತೀನಿ.’ ಅವನು ಸತ್ಯವನ್ನೇ ಹೇಳುತ್ತಿದ್ದಾನೆ, ತಲೆನೋವು ಹೌದು, ಅವನಿಗೆ. ಕ್ಲಿಯರೆನ್ಸ್ ಆದರೆ ನೀವು ಯಾವ ಮಾಲೀಕನ ಬಳಿ, ಯಾವ ಕೆಲಸಕ್ಕೆ, ಎಷ್ಟು ಸಂಬಳಕ್ಕೆ ಹೋದಿರಿ ಎಂಬುದು ಎರಡೂ ಕಡೆ ಕಾಗದದಲ್ಲಿ ಉಳಿಯುತ್ತದೆ. ಪ್ರವಾಸಿ ವೀಸಾದವನಿಗೆ ಮಾಲೀಕನೇ ಇಲ್ಲ. ಮಾಲೀಕನಿಲ್ಲದವನಿಗೆ ಸಂಬಳ ಬಾಕಿ ಎಂಬುದೂ ಇರುವುದಿಲ್ಲ. ವೀಸಾದ ದಿನ ಮುಗಿದ ಮೇಲೆ ಅಲ್ಲೇ ಉಳಿದರೆ ಆ ದೇಶದ ಲೆಕ್ಕದಲ್ಲಿ ತಪ್ಪು ಮಾಡಿದವರು ನೀವೇ. ಇಷ್ಟು ಸರಳವಾದ ವ್ಯವಸ್ಥೆಯನ್ನು ಬಿಟ್ಟು 475 ರೂಪಾಯಿ ಯಾಕೆ ಖರ್ಚು ಮಾಡುತ್ತೀರಿ?

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳುತ್ತಾರೆ, ಈಗಲೇ ಬಾಯಿಪಾಠ ಮಾಡಿಕೊಳ್ಳಿ.

‘ಎಲ್ಲಿಗೆ?’

‘ದುಬೈಗೆ ಸರ್. ಟೂರು.’

‘ಏನು ನೋಡ್ತೀರಿ?’

‘ಬಿಲ್ಡಿಂಗು ಸರ್.’

ಇದು ಪೂರ್ತಿ ಸುಳ್ಳೂ ಅಲ್ಲ. ಹತ್ತಿರದಿಂದಲೇ ನೋಡುತ್ತೀರಿ, ತಲೆ ಮೇಲೆ ಸಿಮೆಂಟು ಹೊತ್ತುಕೊಂಡು. ಸುಣ್ಣ, ಸಿಮೆಂಟು ತಿಂದು ಸೀಳಿದ ಅಂಗೈಯನ್ನು ಮಾತ್ರ ಕೌಂಟರಿನ ಮೇಲೆ ಇಡಬೇಡಿ.

ಕರಾರು ಪತ್ರವನ್ನು ಓದಬೇಡಿ. ಊರಲ್ಲಿ ತೋರಿಸುವ ಕಾಗದದಲ್ಲಿ 1,500 ರಿಯಾಲ್, ಎಂಟು ತಾಸಿನ ಕೆಲಸ, ಊಟ, ರೂಮು ಎಂದಿರುತ್ತದೆ. ಅಲ್ಲಿ ಇಳಿದ ಮೇಲೆ ಅರಬ್ಬಿಯಲ್ಲಿರುವ ಇನ್ನೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ, ಅದರಲ್ಲಿ 800 ಇರುತ್ತದೆ. ಮೊದಲನೆಯ ಕಾಗದದ ಜೆರಾಕ್ಸ್ ನಿಮ್ಮ ಕೈಲಿದ್ದರೆ ಸುಮ್ಮನೆ ಜಗಳವಾಗುತ್ತದೆ. ಇಟ್ಟುಕೊಳ್ಳಬೇಡಿ. ವೀಸಾದ ಮೇಲೆ ಯಾವ ದೇಶದ ಹೆಸರಿದೆ ಎಂದೂ ನೋಡಬೇಡಿ.

ದೇಶದ ಹೆಸರು ನೋಡದೆ ಯಾರಾದರೂ ಹೋಗುತ್ತಾರೆಯೇ ಎಂದು ನಗಬೇಡಿ. ಉಡುಪಿ ಜಿಲ್ಲೆಯ ಒಬ್ಬ ಹೆಣ್ಣುಮಗಳಿಗೆ 2016ರಲ್ಲಿ ಕತಾರಿನಲ್ಲಿ ಮನೆಗೆಲಸ ಎಂದು ಹೇಳಿದ್ದರು. ಗಂಡನಿಲ್ಲದ ಮನೆ, ಮಕ್ಕಳ ಓದು. ಆಕೆ ಹೋಗಿ ಇಳಿದದ್ದು ಸೌದಿಯಲ್ಲಿ. ವಾಪಸ್ ಕಳಿಸಿ ಅಂದರೆ, ಏಜೆಂಟನಿಗೆ ನಾನು ದುಡ್ಡು ಕೊಟ್ಟಿದ್ದೇನೆ, ಅದನ್ನು ಕೊಟ್ಟು ಹೋಗು ಎಂದ ಮಾಲೀಕ. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನ ಪತ್ರ ಬರೆದು, ಓಡಾಡಿದ ಮೇಲೆ ಆಕೆ ಊರು ಕಂಡದ್ದು 2017ರಲ್ಲಿ. ನಮ್ಮ ಕೈಪಿಡಿಯ ದೃಷ್ಟಿಯಿಂದ ಆ ಏಜೆಂಟ್ ಗುರುದ್ರೋಣ. ಒಂದೇ ಕೂಲಿಗೆ ಎರಡು ಕಡೆಯಿಂದ ದುಡ್ಡು ಎಣಿಸುವ ವಿದ್ಯೆ ಎಲ್ಲರಿಗೂ ಬರುವುದಿಲ್ಲ.

ಹೆಣ್ಣುಮಕ್ಕಳಿಗೆ ಒಂದು ವಿಶೇಷ ಸೂಚನೆ. ಇಸಿಆರ್ ಪಾಸ್‌ಪೋರ್ಟಿನ ಹೆಂಗಸರು ಆ 18 ದೇಶಗಳಿಗೆ ಮನೆಗೆಲಸಕ್ಕೆ ಹೋಗಬೇಕಾದರೆ ವಯಸ್ಸು 30 ದಾಟಿರಬೇಕು, ಸರಕಾರ ಗೊತ್ತುಮಾಡಿದ ಸರಕಾರಿ ಏಜೆನ್ಸಿಗಳ ಮೂಲಕವೇ ಹೋಗಬೇಕು. ಆದ್ದರಿಂದ ಖಾಸಗಿ ಏಜೆಂಟ್ ಬಾಗಿಲಿಗೆ ಬಂದು ‘ಅಕ್ಕಾ, ಕುವೈತಿನಲ್ಲಿ ಮನೆಗೆಲಸ ಐತಿ’ ಎಂದರೆ, ನಂಬರು ಗಿಂಬರು ನೋಡುವ ತೊಂದರೆಯೂ ಇಲ್ಲ. ಆ ಒಂದು ವಾಕ್ಯದಲ್ಲೇ ಅವನ ಜಾತಕ ಇದೆ. ಚಹಾ ಕೊಟ್ಟು ಕೂರಿಸಿ.

ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದೇ ಇರುತ್ತಾರೆ. ಅವರನ್ನು ದೂರ ಇಡಿ. ನಮ್ಮ ಮೇಷ್ಟ್ರು ಹೀಗೇ ಒಂದು ದಿನ ಹೋಟೆಲಿನಲ್ಲಿ ಕೂತು, ಕನ್ನಡಕ ಮೇಲೆತ್ತಿ, ಕಾರ್ಡಿನ ನಂಬರನ್ನು ಒಂದೊಂದೇ ಅಕ್ಷರ ಒತ್ತಿ, ‘ಇದು ಮುಂಬೈದು ತೋರಿಸ್ತದಲ್ಲೋ ತಮ್ಮಾ, ಹೆಸರೇ ಬ್ಯಾರೆ ಐತಿ’ ಎಂದರು. ಅಷ್ಟಕ್ಕೆ ಬಿಡದೆ 1800 11 3090 ಎಂಬ ನಂಬರನ್ನು ಬೀಡಿ ಕಟ್ಟಿನ ಮೇಲೆ ಬರೆದುಕೊಟ್ಟರು. ವಿದೇಶಕ್ಕೆ ಹೋಗುವವರಿಗೆ ಸರಕಾರದ ಸಹಾಯವಾಣಿಯಂತೆ, ಕರೆಗೆ ದುಡ್ಡಿಲ್ಲವಂತೆ. ಆ ಬೀಡಿ ಕಟ್ಟನ್ನು ಖಾಲಿ ಮಾಡಿ ಒಲೆಗೆ ಹಾಕಿ.

ಹೊರಡುವ ರಾತ್ರಿ ಅವ್ವ ಕೇಳುತ್ತಾಳೆ, ‘ಯಾವ ಊರಪ್ಪಾ ಅದು?’ ‘ಫಾರಿನ್’ ಎನ್ನಿ. ‘ಯಾರ ಮನಿ?’ ‘ಕಂಪನಿ’ ಎನ್ನಿ. ಪಾಸ್‌ಪೋರ್ಟಿನ ಜೆರಾಕ್ಸ್, ಏಜೆಂಟನ ಫೋನ್, ಮಾಲೀಕನ ವಿಳಾಸ ಏನನ್ನೂ ಟ್ರಂಕಿನಲ್ಲಿ ಇಡಬೇಡಿ. ಇಟ್ಟರೆ ಆರು ತಿಂಗಳ ಮೇಲೆ ಅದನ್ನು ಹಿಡಿದುಕೊಂಡು ಮುದುಕಿ ಹೊಸಪೇಟೆಯ ಡಿಸಿ ಆಫೀಸಿಗೆ ಅಲೆಯಬೇಕಾಗುತ್ತದೆ. ಬಸ್ಸು ಕೊಟ್ಟೂರು ದಾಟುವಾಗ ಮೊಬೈಲು ಹೊಡೆದುಕೊಳ್ಳುತ್ತದೆ. ಮೇಷ್ಟ್ರು. ಮುಂಬೈ ಆಫೀಸಿಗೆ ಅವರೇ ಫೋನ್ ಮಾಡಿದ್ದಾರೆ. ಎತ್ತಬೇಡಿ.