ಜೋಳದ ದರ, ಭತ್ತದ ನೀರು

ನಿವೃತ್ತ ಮೇಷ್ಟ್ರ ಅಕ್ಷರ ದುಂಡಗಿದ್ದರೆ ಊರಿನಲ್ಲಿ ಅದು ಎಲ್ಲರ ಆಸ್ತಿ. ಮದುವೆಯ ಮುಯ್ಯಿ ಪಟ್ಟಿ ಬರೆದಾಯಿತು, ಗಣಪತಿ ಚಂದಾ ಲೆಕ್ಕ ಬರೆದಾಯಿತು, ಕಡೆಗೆ ನಮ್ಮ ತೂಬಿನ ನೀರು ಬಳಕೆದಾರರ ಸಹಕಾರ ಸಂಘದ ನಡಾವಳಿ ಪುಸ್ತಕವೂ ನನ್ನ ಮಡಿಲಿಗೇ ಬಂದು ಬಿತ್ತು. ನನಗಿರುವುದು ಒಂದೂವರೆ ಎಕರೆ, ಅದೂ ಕಾಲುವೆಯ ನಡುಭಾಗದಲ್ಲಿ. ಮೇಲ್ಭಾಗದವರಿಗೆ ನಾನು ಕೊನೆಭಾಗದವನು, ಕೊನೆಭಾಗದವರಿಗೆ ಮೇಲ್ಭಾಗದವನು. ಬೈಸಿಕೊಳ್ಳಲು ಇಷ್ಟು ಪ್ರಶಸ್ತವಾದ ಜಾಗ ಇನ್ನೊಂದಿಲ್ಲ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಹೊರಟ ಬಲದಂಡೆ ನಾಲೆ ದಾವಣಗೆರೆ ಸೀಮೆಗೆ ಬರುವ ಹೊತ್ತಿಗೆ ಕವಲಾಗಿ, ಉಪಕವಲಾಗಿ, ನಮ್ಮ ತೂಬಿನ ಬಾಯಲ್ಲಿ ಒಂದು ಕ್ಯೂಸೆಕ್ ಆಗಿ ಉಳಿದಿರುತ್ತದೆ. ಅದರ ಕೆಳಗೆ 86 ಎಕರೆ. ಬೇಸಿಗೆ ಬೆಳೆಗೆ 15 ದಿನ ನೀರು ಬಿಟ್ಟು ಆಮೇಲೆ ನಿಲ್ಲಿಸುತ್ತಾರೆಂದು ಮೇಲಿನಿಂದ ಸುದ್ದಿ ಬಂದಿತ್ತು. ಆ 15 ದಿನವನ್ನು ಹಂಚಿಕೊಳ್ಳುವುದಕ್ಕೇ ಸಭೆ.

ನಡಾವಳಿಯ ಮೊದಲ ಸಾಲು: ‘ಕೋರಂ ಇಲ್ಲದ ಕಾರಣ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಸ್ಥಳದಲ್ಲಿ ನಡೆಸಲಾಯಿತು.’ ಆ ಅರ್ಧ ಗಂಟೆಯಲ್ಲಿ ಬಂದದ್ದು ಮಂಡಕ್ಕಿ, ಮೆಣಸಿನಕಾಯಿ. ಅವುಗಳ ವಾಸನೆಗೆ ಕೋರಂ ತಾನಾಗಿ ಬಂತು.

ಮೊದಲ ವಿಷಯ ಸರದಿ. ನೀರಿನ ಲೆಕ್ಕದಲ್ಲಿ ಒಂದು ಸುಲಭ ಸೂತ್ರವಿದೆ: ಒಂದು ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಯ ಮೇಲೆ ಹೆಚ್ಚುಕಮ್ಮಿ ಒಂದು ಅಂಗುಲ ನಿಲ್ಲುತ್ತದೆ. ಹಿಂದಿನ ವರ್ಷ ವಾರಕ್ಕೊಂದು ಸುತ್ತು ಮಾಡಿದ್ದೆವು. ವಾರಕ್ಕೆ 168 ಗಂಟೆ, ಅಂದರೆ ಸರಿಯಾಗಿ ಏಳು ಹಗಲು, ಏಳು ರಾತ್ರಿ. ಹೀಗಾಗಿ ಮೊದಲ ಸುತ್ತಿನಲ್ಲಿ ಯಾರಿಗೆ ನಡುರಾತ್ರಿ ಬಂತೋ ಅವರಿಗೆ ಎರಡನೆಯ ಸುತ್ತಿನಲ್ಲೂ ನಡುರಾತ್ರಿಯೇ.

ಕೊನೆಭಾಗದ ಅಜ್ಜ ಎದ್ದು ನಿಂತ. “ಮೇಷ್ಟ್ರೇ, ಹೋದ ವರ್ಷ ಎರಡು ಸಲಾನೂ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡ್ಕೊಂಡು ಹೋಗೀನಿ. ಹಾವು ಕೂಡ ನನ್ ಗುರ್ತು ಹಿಡೀತದೆ ಈಗ.”

ಕಾಗದ ಪೆನ್ನು ಹಿಡಿದು ಕೂತೆವು. ಸುತ್ತನ್ನು ಏಳು ದಿನಕ್ಕಲ್ಲ, ಏಳೂವರೆ ದಿನಕ್ಕೆ ಇಟ್ಟುಕೊಂಡರೆ? 180 ಗಂಟೆ. ಎರಡು ಸುತ್ತಿಗೆ ಸರಿಯಾಗಿ 15 ದಿನ. ಸೋಮವಾರ ಬೆಳಿಗ್ಗೆ ಆರಕ್ಕೆ ತೂಬು ತೆಗೆದರೆ ಎರಡನೆಯ ಸುತ್ತು ಮುಂದಿನ ಸೋಮವಾರ ಸಂಜೆ ಆರಕ್ಕೆ ಶುರು. ಆಗ ಮೊದಲ ಸುತ್ತಿನಲ್ಲಿ ರಾತ್ರಿ ನೀರು ಕಟ್ಟಿದವನಿಗೆ ಎರಡನೆಯದರಲ್ಲಿ ಹಗಲು. ಅಜ್ಜನ ಹಾವು ಮೊದಲ ಸುತ್ತಿನಲ್ಲಿ ಹಗಲು ಸಿಕ್ಕ ಗೌಡರ ಪರಿಚಯ ಮಾಡಿಕೊಳ್ಳಬಹುದು.

ಆದರೆ 180 ಗಂಟೆಯೂ ಹೊಲಕ್ಕೆ ಸಿಗುವುದಿಲ್ಲ. ಸುತ್ತು ಶುರುವಾಗುವುದು ಕೊನೆಯ ಹೊಲದಿಂದ ಎಂದು ನಾವು ಮೊದಲೇ ಒಪ್ಪಿಕೊಂಡಿದ್ದೆವು. ಬತ್ತಿದ ಕಾಲುವೆ ಮೊದಲು ತಾನು ಕುಡಿಯುತ್ತದೆ. ಬಿರುಕು ತುಂಬಬೇಕು, ಗುಂಡಿ ತುಂಬಬೇಕು, ಏಡಿ ಕೊರೆದ ತೂತುಗಳೆಲ್ಲ ತುಂಬಬೇಕು. ನೀರು ಕೊನೆ ಮುಟ್ಟಲು ಎಂಟು ಗಂಟೆ ಬೇಕೆಂದು ಸೌಡಿ ಹೇಳಿದ. ಆ ಎಂಟು ಗಂಟೆ ಯಾರ ಖಾತೆಗೆ? ಹಿಂದೆಲ್ಲ ಅದನ್ನು ಕೊನೆಯವನ ಸರದಿಯಲ್ಲೇ ಮುರಿಯುತ್ತಿದ್ದರು. ಪಾಪದವನು ತನ್ನ ಗಂಟೆಗಳನ್ನೆಲ್ಲ ನೀರಿನ ದಾರಿ ಕಾಯುವುದರಲ್ಲಿ ಕಳೆದು, ಕಾಲು ತೇವವಾಗುವ ಹೊತ್ತಿಗೆ ಪಕ್ಕದವನಿಗೆ ಮಡೆ ಬಿಟ್ಟುಕೊಡಬೇಕಿತ್ತು. ಈ ಸಲ ಅದನ್ನು ಎಲ್ಲರ ತಲೆಗೂ ಹಾಕಿದೆವು. 180ರಲ್ಲಿ 8 ಕಳೆದರೆ 172. 86 ಎಕರೆಗೆ ಹಂಚಿದರೆ ಎಕರೆಗೆ ಎರಡು ಗಂಟೆ. ಲೆಕ್ಕ ಇಷ್ಟು ನುಣ್ಣಗೆ ಬಂದದ್ದು ಕಂಡು ನನಗೇ ಅನುಮಾನವಾಗಿ ಎರಡು ಸಲ ಕೂಡಿದೆ.

ನಡಾವಳಿಯಲ್ಲಿ ಇದೆಲ್ಲ ಒಂದೇ ಸಾಲು: ‘ಎಕರೆಗೆ 2 ಗಂಟೆಯಂತೆ ಸರದಿ ನಿಗದಿಪಡಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಆ ಸರ್ವಾನುಮತಕ್ಕೆ ಒಂದೂವರೆ ಗಂಟೆ ಹಿಡಿಯಿತು. ಒಬ್ಬರ ಟವೆಲ್ ಕೂಡ ಹರಿಯಿತು.

ಎರಡನೆಯದು ಹೂಳು. ಕಾಲುವೆಯ ಉದ್ದ 2,150 ಮೀಟರ್, ಎಕರೆಗೆ 25 ಮೀಟರ್ ಬೀಳುತ್ತದೆ. ಇದೂ ನುಣ್ಣಗಿನ ಲೆಕ್ಕವೇ, ಆದರೆ ಹೂಳಿಗೆ ಲೆಕ್ಕ ಬರುವುದಿಲ್ಲ. ತೂಬು ದಾಟಿ ನೀರಿನ ಓಟ ಇಳಿಯುತ್ತಿದ್ದಂತೆ ಮರಳು, ಮಣ್ಣು ಅಲ್ಲೇ ಕೂರುತ್ತವೆ. ಹಾಗಾಗಿ ಮೇಲ್ಭಾಗದಲ್ಲಿ ಮೊಣಕಾಲುದ್ದ ಹೂಳು, ಕೊನೆಯಲ್ಲಿ ಬರೀ ಜೊಂಡು. ಆದರೆ ಮೇಲ್ಭಾಗದವನಿಗೆ ಹೂಳಿನ ಚಿಂತೆಯಿಲ್ಲ, ಹೂಳಿದ್ದರೆ ನೀರಿನ ಮಟ್ಟ ಏರಿ ಅವನ ಹೊಲಕ್ಕೇ ಸಲೀಸು. ಅವನ ಮನೆ ಮುಂದಿನ ಹೂಳಿನಿಂದ ಒಣಗುವುದು ಒಂದೂವರೆ ಕಿಲೋಮೀಟರ್ ಆಚೆಯವನ ಪೈರು.

“ಜೆಸಿಬಿ ತರಿಸಿಬಿಡಿ, ಅರ್ಧ ದಿನದ ಕೆಲಸ” ಅಂದರು ಗೌಡರು. ಸೌಡಿ ತಲೆಯಾಡಿಸಿದ. ಮೂರು ವರ್ಷದ ಹಿಂದೆ ತರಿಸಿದ್ದೆವು. ಅದು ಹೂಳಿನ ಜೊತೆ ಕಾಲುವೆಯ ತಳವನ್ನೂ ಎತ್ತಿ ದಂಡೆಗೆ ಹಾಕಿತು. ತಳ ಹೊಲದ ಮಡೆಗಿಂತ ಒಂದು ಮೊಳ ಕೆಳಗೆ ಹೋಗಿ, ನೀರು ಹೊಲದ ಮುಂದೆಯೇ ಹರಿದರೂ ಹೊಲಕ್ಕೆ ಹತ್ತಲಿಲ್ಲ. ನೀರು ನಿಂತ ಮರುದಿನ ಕಾಲುವೆಯುದ್ದಕ್ಕೂ ಅಲ್ಲಲ್ಲಿ ಮಡು ಉಳಿದಿದ್ದರೆ ತಳ ಕೆಟ್ಟಿದೆ ಎಂದೇ ತಿಳಿಯಬೇಕು. ನಮ್ಮದರಲ್ಲಿ ಎಮ್ಮೆಗಳು ಒಂದು ವಾರ ಸುಖವಾಗಿ ಬಿದ್ದುಕೊಂಡಿದ್ದವು.

ಕಡೆಗೆ ಸನಿಕೆ, ಬುಟ್ಟಿಯೇ ಗತಿ ಎಂದಾಯಿತು. ತನ್ನ ಹೊಲದ ಮುಂದೆ ತಾನು ಎಂಬ ಪದ್ಧತಿ ಬಿಟ್ಟು, ಎಲ್ಲರೂ ಒಟ್ಟಾಗಿ ತೂಬಿನಿಂದ ಶುರುಮಾಡಿ ಕೊನೆಯತನಕ ಹೋಗುವುದು. ಬರದವರು ಒಂದಾಳಿನ ಕೂಲಿ ಕಟ್ಟುವುದು. ಗೌಡರು ಅಲ್ಲೇ ಕೂಲಿ ಎಣಿಸಿ ಕೊಟ್ಟರು. ಅಷ್ಟು ಬೇಗ ವಸೂಲಾದ ಹಣ ಸಂಘದ ಚರಿತ್ರೆಯಲ್ಲಿ ಅದೊಂದೇ.

ಮೂರನೆಯದು ನೀರಿನ ಕರ. 2000ನೇ ಇಸವಿಯಲ್ಲಿ ಸರ್ಕಾರ ನಿಗದಿಮಾಡಿದ ದರದಲ್ಲಿ ಎಕರೆ ಭತ್ತಕ್ಕೆ 100 ರೂಪಾಯಿ, ಕಬ್ಬಿಗೆ 400, ಮೆಕ್ಕೆಜೋಳದಂಥ ಅರೆ ಖುಷ್ಕಿ ಬೆಳೆಗೆ 35. ನಮ್ಮ ಪುಸ್ತಕ ಇವತ್ತಿಗೂ ಆ ದರದಲ್ಲೇ ನಡೆಯುತ್ತಿದೆ. ನಮ್ಮ ತೂಬು ಇರುವುದು ಅರೆ ಖುಷ್ಕಿ ಭಾಗದಲ್ಲಿ. ಏಳೂವರೆ ದಿನಕ್ಕೆ ಎರಡು ಅಂಗುಲ ಅಂದರೆ ಮೆಕ್ಕೆಜೋಳಕ್ಕೆ ಧಾರಾಳ, ಭತ್ತಕ್ಕೆ ಬಾಯಾರಿಕೆ. ಆದರೂ ದಂಡೆಯ ಮೇಲೆ ನಿಂತು ನೋಡಿ, ಕಣ್ಣು ಹಾಯುವಷ್ಟು ದೂರ ಭತ್ತದ ಹಸಿರು.

ಒಂದು ಗಂಟೆ ಮುಂಚೆ, ಸರದಿಯ ಮಾತು ನಡೆಯುವಾಗ, “ಭತ್ತ ಹಾಕೀನಿ, ಎರಡು ಗಂಟೆ ಎಲ್ಲಿ ಸಾಕಾಗ್ತದೆ?” ಎಂದು ಟವೆಲ್ ಹರಿದುಕೊಂಡಿದ್ದ ತಮ್ಮ, ಕರದ ಪಟ್ಟಿ ತೆರೆದ ಕೂಡಲೇ ಸಾಧುವಾಗಿ, “ನಂದು ಮೆಕ್ಕೆಜೋಳ ಬರ್ಕೊಳ್ರಿ ಮೇಷ್ಟ್ರೇ” ಅಂದ. ಅವನ ಹಿಂದೆಯೇ ಇನ್ನೂ ಹತ್ತು ಜನ ಮೆಕ್ಕೆಜೋಳದವರಾದರು. ಸಂಘದ ಪುಸ್ತಕದ ಪ್ರಕಾರ ನಮ್ಮ ಊರಿನವರು ಜೋಳ ಬಿತ್ತಿ ಅಕ್ಕಿ ಉಣ್ಣುತ್ತೇವೆ.

ನನಗೆ ಸಿಟ್ಟು ಬಂತು. ಮೇಷ್ಟ್ರ ಸಿಟ್ಟು, ನಿವೃತ್ತಿಯಾದರೂ ಹೋಗದ್ದು. “ಕಳ್ಳಲೆಕ್ಕಕ್ಕೂ ಒಂದು ಮಿತಿ ಬೇಡವೇನ್ರಪ್ಪಾ? ಹೋದ ವರ್ಷದ ಪಟ್ಟಿ ಓದ್ತೀನಿ, ಕೇಳಿ” ಎಂದು ಪುಟ ತಿರುವಿದೆ. ಒಂದು, ಎರಡು, ಮೂರು ಎಂದು ಹೆಸರು ಹಿಡಿದು ಗಟ್ಟಿಯಾಗಿ ಓದುತ್ತ ಬಂದೆ. ಹದಿನೇಳನೆಯ ಸಾಲಿಗೆ ಬಂದಾಗ ದನಿ ತಾನಾಗಿ ಇಳಿಯಿತು.

“ಓದ್ರಿ ಮೇಷ್ಟ್ರೇ” ಅಂದ ಅಜ್ಜ.

ಒಂದೂವರೆ ಎಕರೆ. ಮೆಕ್ಕೆಜೋಳ. 52 ರೂಪಾಯಿ 50 ಪೈಸೆ. ಅಕ್ಷರ ಮಾತ್ರ ಬಹಳ ದುಂಡಗಿತ್ತು.

ಮಂಡಕ್ಕಿಯ ಪೊಟ್ಟಣ ಕಟ್ಟಿ ಎಲ್ಲರೂ ಎದ್ದರು. ಮೂರನೆಯ ವಿಷಯದ ಮುಂದೆ ನಾನು ‘ಚರ್ಚಿಸಿ, ಮುಂದಿನ ಸಭೆಗೆ ಇಡಲು ತೀರ್ಮಾನಿಸಲಾಯಿತು’ ಎಂದು ಬರೆದೆ.