ಸಾಯದ ಡ್ರಾಯಿಂಗು

ಕಟ್ಟಡದ ಸೈಟಿನಲ್ಲಿ ಸಿಮೆಂಟಿಗೆ ಅವಧಿ ಉಂಟು, ಗುತ್ತಿಗೆದಾರರ ತಾಳ್ಮೆಗೂ ಉಂಟು. ಹಳೇ ಡ್ರಾಯಿಂಗಿಗೆ ಮಾತ್ರ ಇಲ್ಲ. ಅದು ಇಂಜಿನಿಯರ ಬೈಕಿನ ಡಿಕ್ಕಿಯಲ್ಲಿ, ಮೇಸ್ತ್ರಿಯ ಅಂಗಿ ಜೇಬಿನಲ್ಲಿ, ಊಟದ ಡಬ್ಬಿಯ ಕೆಳಗೆ ಎಣ್ಣೆ ಹೀರುತ್ತಾ ನೂರು ಕಾಲ ಬಾಳುತ್ತದೆ.

ಹೊಸದನ್ನು ಬರಮಾಡಿಕೊಳ್ಳುವುದರಲ್ಲಿ ನಮ್ಮವರು ನಿಪುಣರು. ಕನ್ಸಲ್ಟೆಂಟ್ ಕಚೇರಿಯಿಂದ ಆರ್-2 ಬಂತೆಂದರೆ ಟ್ರಾನ್ಸ್‌ಮಿಟಲ್ಲಿಗೆ ಸಹಿ, ರಿಜಿಸ್ಟರಿನಲ್ಲಿ ಸಾಲು, ಹಾಳೆಯ ಮೇಲೆ ಕೆಂಪು ಮುದ್ರೆ, ಎಲ್ಲವೂ ಶಾಸ್ತ್ರೋಕ್ತ. ಹಳೇ ಆರ್-1ರ ಎಷ್ಟು ಪ್ರತಿ ಹೊರಗಿವೆ, ಯಾರ ಕೈಲಿವೆ ಎಂದು ಕೇಳಿ ನೋಡಿ. ಡಾಕ್ಯುಮೆಂಟ್ ಕಂಟ್ರೋಲರು ನಿಮ್ಮನ್ನು ಶತ್ರುಪಕ್ಷದವರಂತೆ ನೋಡುತ್ತಾರೆ.

ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟಿನ ಕಥೆ ಕೇಳಿ. ನೀರಿನ ಟ್ಯಾಂಕನ್ನು ಟೆರೇಸಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿದರು. ಹತ್ತು ಸಾವಿರ ಲೀಟರು, ಅಂದರೆ ನೀರಿನದೇ ಹತ್ತು ಟನ್ ಭಾರ. ಅದನ್ನು ಹೊರಬೇಕಾದ ತೊಲೆಗೆ ಆರ್-1ರಲ್ಲಿ ಕೆಳಗಡೆ 20 ಮಿಲಿಮೀಟರಿನ ಮೂರು ಸರಳು ಇದ್ದವು. ಡಿಸೈನರು ಆರ್-2ರಲ್ಲಿ ಅವನ್ನು 25ರ ಮೂರು ಮಾಡಿದರು. ಐದೇ ಮಿಲಿಮೀಟರು ಎನ್ನಬೇಡಿ. ಸರಳಿನ ಬಲ ಅಡ್ಡಕೊಯ್ತದ ವಿಸ್ತೀರ್ಣದ್ದು, ವ್ಯಾಸದ್ದಲ್ಲ. ಲೆಕ್ಕ ಹಾಕಿದರೆ ಉಕ್ಕು ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು.

ಆರ್-2 ಸೈಟಿಗೆ ಬಂತು, ಇಂಜಿನಿಯರ ಕೈ ಸೇರಿತು. ಅಷ್ಟು ಹೊತ್ತಿಗಾಗಲೇ ಆರ್-1 ನೋಡಿ ಬಿಲ್ಲಿಂಗ್ ವಿಭಾಗದವರು ಸರಳಿನ ಕಟಿಂಗ್ ಪಟ್ಟಿ, ಅದೇ ಬಿಬಿಎಸ್, ಮಾಡಿ ಯಾರ್ಡಿಗೆ ಕೊಟ್ಟಿದ್ದರು. ಪಟ್ಟಿಯ ಮೇಲೆ ತೊಲೆಯ ನಂಬರಿತ್ತು, ಯಾವ ರಿವಿಷನ್ ನೋಡಿ ಮಾಡಿದ್ದೆಂದು ಇರಲಿಲ್ಲ. ಯಾರ್ಡಿನವರು ಪಟ್ಟಿಯಂತೆ ಕತ್ತರಿಸಿದರು, ಫಿಟ್ಟರು ಪಟ್ಟಿಯಂತೆ ಕಟ್ಟಿದರು, ಇಂಜಿನಿಯರು ಪಟ್ಟಿ ಹಿಡಿದೇ ಪರೀಕ್ಷಿಸಿದರು. ಎಲ್ಲವೂ ತಾಳೆಯಾಯಿತು! ಡ್ರಾಯಿಂಗನ್ನು ಬದಲಿಸಿದರೆ ಅದು ಹೆತ್ತ ಮಕ್ಕಳೂ ಬದಲಾಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪೋರ್ ಕಾರ್ಡಿನಲ್ಲಿ ‘ಇತ್ತೀಚಿನ ಡ್ರಾಯಿಂಗಿನಂತಿದೆಯೇ’ ಎಂಬ ಪ್ರಶ್ನೆಯ ಮುಂದೆ ಟಿಕ್ ಬಿತ್ತು. ಟಿಕ್ ಹಾಕಲು ಡ್ರಾಯಿಂಗು ಬೇಡ, ಪೆನ್ನು ಸಾಕು.

ತಪ್ಪನ್ನು ಹಿಡಿದದ್ದು ಗುಣಮಟ್ಟ ವಿಭಾಗವಲ್ಲ, ಸ್ಟೋರ್ ಕೀಪರು. ತಿಂಗಳ ಕೊನೆಯ ಉಕ್ಕಿನ ತಾಳೆ ಲೆಕ್ಕದಲ್ಲಿ 25ರ ಸರಳು ಹಾಗೇ ಮಲಗಿತ್ತು, 20ರದ್ದು ಕೊರತೆ ಬಿದ್ದಿತ್ತು. ‘ಸಾರ್, ಈ 25 ಯಾರದ್ದು? ಕೇಳೋರೇ ಇಲ್ಲ’ ಎಂದರಂತೆ. ಕಾಂಕ್ರೀಟು ಅಷ್ಟರಲ್ಲಿ ಗಟ್ಟಿಯಾಗಿತ್ತು. ಟ್ಯಾಂಕು ಮರಳಿ ಹಳೇ ಮೂಲೆಗೆ ಹೋಯಿತು.

ಇದಕ್ಕೆ ಮದ್ದು ಬಲು ಸರಳ, ಅದಕ್ಕೇ ಯಾರಿಗೂ ರುಚಿಸದು. ಹಳೇ ಹಾಳೆ ವಾಪಸ್ ಕೊಡದವರಿಗೆ ಹೊಸದು ಇಲ್ಲ. ಯಾರ ಕೈಗೆ ಎಷ್ಟನೇ ಪ್ರತಿ ಹೋಯಿತೆಂದು ನಂಬರು ಹಾಕಿ ಬರೆದಿಟ್ಟು, ಅಷ್ಟೂ ಮರಳುವ ತನಕ ಟ್ರಾನ್ಸ್‌ಮಿಟಲ್ಲನ್ನು ಮುಗಿಸಬಾರದು. ದಾಖಲೆಗೆಂದು ಒಂದನ್ನು ‘ರದ್ದು’ ಮುದ್ರೆ ಹೊಡೆದು ಇಟ್ಟುಕೊಂಡು ಉಳಿದವನ್ನು ಹರಿಯಬೇಕು. ಬಿಬಿಎಸ್ಸಿನ ತಲೆಯ ಮೇಲೆ ಮೂಲ ಡ್ರಾಯಿಂಗಿನ ನಂಬರೂ ರಿವಿಷನ್ನೂ ಇರಬೇಕು. ಮೂಲ ಬದಲಾದ ದಿನವೇ ಪಟ್ಟಿ ರದ್ದು. ಪೋರ್ ಕಾರ್ಡಿನಲ್ಲಿ ಟಿಕ್ಕಿನ ಬದಲು ಖಾಲಿ ಜಾಗ ಬಿಟ್ಟು, ಕಾಂಕ್ರೀಟಿನ ದಿನ ಬೆಳಿಗ್ಗೆ ರಿಜಿಸ್ಟರು ತೆರೆದು ರಿವಿಷನ್ ನಂಬರನ್ನು ಕೈಯಾರೆ ಬರೆಸಬೇಕು.

ಬದಲಾವಣೆಯ ಸುತ್ತ ಡಿಸೈನರು ಮೋಡದಂಥ ಗೆರೆ ಎಳೆದಿರುತ್ತಾರಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಆ ಮೋಡ ಸಾಮಾನ್ಯವಾಗಿ ಕೊನೆಯ ರಿವಿಷನ್ನಿನದು ಮಾತ್ರ. ಆರ್-3 ಬಂದರೆ ಆರ್-2ರ ಮೋಡ ಅಳಿಸಿ ಹೋಗುತ್ತದೆ. ನಡುವಿನದು ತಪ್ಪಿಹೋದವರಿಗೆ ಮೋಡ ನೋಡಿ ದಕ್ಕುವುದು ಅರ್ಧ ಸತ್ಯ. ಪೂರ್ತಿ ಬೇಕಿದ್ದರೆ ಹಾಳೆಯ ರಿವಿಷನ್ ಟೇಬಲ್ಲನ್ನು ಓದಬೇಕು, ಓದುವುದು ಸೈಟಿನಲ್ಲಿ ಅವಮಾನಕರ ಕೆಲಸ.

ಇನ್ನು ವಾಟ್ಸಾಪು. ಕಾಗದವನ್ನಾದರೂ ಕಸಿದುಕೊಳ್ಳಬಹುದು, ಹತ್ತು ಗ್ರೂಪುಗಳಲ್ಲಿ ಹರಡಿದ ಫೋಟೋವನ್ನು ಯಾವ ಮುದ್ರೆಯೂ ಮುಟ್ಟದು. ಅದರಲ್ಲೂ ಫೋಟೋ ತೆಗೆಯುವವರು ತೊಲೆಯನ್ನಷ್ಟೇ ಚೆಂದಕ್ಕೆ ಹಿಡಿದು, ರಿವಿಷನ್ ಇರುವ ಬಲಮೂಲೆಯನ್ನು ಕತ್ತರಿಸಿರುತ್ತಾರೆ. ಫೋನಿನಿಂದ ಅಳತೆ ಓದಿ ಕೆಲಸ ಮಾಡಕೂಡದೆಂಬ ನಿಯಮವನ್ನು ಆ ಸೈಟಿನಲ್ಲೂ ಮಾಡಿದರು. ಸುತ್ತೋಲೆ ವಾಟ್ಸಾಪಿನಲ್ಲೇ ಬಂತು.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಗೇಟಿನ ಮುಂದೆ ಮಿಕ್ಸರ್ ಲಾರಿಗಳು ಗುಡುಗುಟ್ಟುತ್ತಾ ಸಾಲಾಗಿ ನಿಂತಾಗ, ರಿವಿಷನ್ ತಾಳೆಯಿಲ್ಲ, ವಾಪಸ್ ಹೋಗಿ ಎನ್ನುವವರು ಯಾರು? ಕಾಂಕ್ರೀಟು ಆರ್ಡರ್ ಮಾಡಿದ ಸಾಹೇಬರ ಕೈಕೆಳಗಿನ ಹುಡುಗನಿಂದ ಆ ಮಾತು ಹೊರಡದು. ಪೋರ್ ಕಾರ್ಡಿನ ಕೆಳಗೆ, ತಡೆಯುವ ಅಧಿಕಾರಿ ಎಂಬಲ್ಲಿ, ಆ ಸ್ಟೋರ್ ಕೀಪರ ಹೆಸರು ಬರೆಯಿರೆಂದು ನನ್ನ ಶಿಫಾರಸು. ಅವರಿಗೆ ಇಂಜಿನಿಯರಿಂಗ್ ಬರುವುದಿಲ್ಲ, ಲೆಕ್ಕ ಬರುತ್ತದೆ.