ಒಂದು ಚೀಲ, ಮೂರು ಸಂದೇಶ

1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಆರಂಭವಾದಂದಿನಿಂದ ಸಹಕಾರಿ ಪದ್ಧತಿಗೆ ಒಗ್ಗಿಹೋಗಿರುವ ಈ ಅಡಿಕೆಯ ಸೀಮೆಯಲ್ಲಿ, ಸಂಘ ಯಾವುದೇ ಇರಲಿ, ಶಾಖಾ ವ್ಯವಸ್ಥಾಪಕರೆಂಬ ಒಂದು ಜೀವಿ ಇದ್ದೇ ಇರುತ್ತದೆ. ಅವರ ಮೇಲಿರುವ ನಿರ್ದೇಶಕರು ಸಂಬಳದ ಅಧಿಕಾರಿಯಲ್ಲ. ಸದಸ್ಯರಿಂದ ಆಯ್ಕೆಯಾಗಿ ಆಡಳಿತ ಮಂಡಳಿಗೆ ಬಂದ ತೋಟಿಗರು, ಹಲವು ಸಲ ವ್ಯವಸ್ಥಾಪಕರ ದೂರದ ನೆಂಟರೂ ಹೌದು. ಆದ್ದರಿಂದ ಸಂದೇಶ ಬರೆಯುವ ಮೊದಲು ಹುದ್ದೆ, ವಯಸ್ಸು, ನೆಂಟಸ್ತಿಕೆ ಎಂಬ ಮೂರನ್ನೂ ತೂಗಬೇಕಾದದ್ದು ಈ ಕೆಲಸದ ಅಲಿಖಿತ ಷರತ್ತು.

ಸಿದ್ದಾಪುರದಿಂದ ಬಂದ ಚಾಲಿಯ ಲಾಟಿನಲ್ಲಿ, ಅಂದರೆ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದ ಮಾಲಿನಲ್ಲಿ, ಒಂದು ಚೀಲ ಕಡಿಮೆ ಬಿತ್ತೆಂದು ಭಾವಿಸೋಣ. ಕಿರಿಯ ಗುಮಾಸ್ತನಿಗೆ ಹೋಗುವ ಸಂದೇಶ ಇಷ್ಟೇ: ‘ತಮಾ, ಚೀಟಿಲಿ 12 ಚೀಲ ಇದ್ದು, ವಖಾರಿಲಿ 11 ಇದ್ದು. ಸಂಜೆ ಒಳಗೆ ನೋಡಿ ಹೇಳು.’ ಇದರಲ್ಲಿ ನಮಸ್ಕಾರವಿಲ್ಲದಿದ್ದರೂ ಸಂಖ್ಯೆಯಿದೆ, ಗಡುವಿದೆ, ಮಾಡಬೇಕಾದ ಕೆಲಸವಿದೆ. ಆ ತಮ್ಮ ನಿರ್ದೇಶಕರ ಸೋದರಳಿಯನೆಂಬುದು ಥಟ್ಟನೆ ನೆನಪಾದರೆ ಮಾತ್ರ ಕೊನೆಗೊಂದು ‘ದಯವಿಟ್ಟು’ ಸೇರಿಕೊಳ್ಳುತ್ತದೆ.

ಸಿದ್ದಾಪುರ ಶಾಖೆಯ ಸಮಾನ ಹುದ್ದೆಯವರಿಗೆ ಬರೆಯುವಾಗ ಆಜ್ಞೆಯು ಪ್ರಶ್ನೆಯ ವೇಷ ಹಾಕುತ್ತದೆ: ‘ಭಟ್ರೆ, ನಮಸ್ಕಾರ. ಒಂದು ಚೀಲ ಎಣಿಕೆಗೆ ಸಿಗ್ತಾ ಇಲ್ಲೆ, ಲಾರಿಗೆ ಹಾಕಿದ ಲೆಕ್ಕ ಒಂದ್ಸಲ ನೋಡಿ ಹೇಳ್ತ್ರಾ?’ ತಪ್ಪು ಯಾರದೆಂದು ಎಲ್ಲಿಯೂ ಹೇಳದೆ ಅದನ್ನು ಚೀಲದ ಮೇಲೆಯೇ ಹೊರಿಸುವ ಈ ಜಾಣ್ಮೆಯಿಂದಾಗಿ, ಮುಂದಿನ ವಾರ ಅದೇ ಭಟ್ಟರ ಹತ್ತಿರ ಲಾರಿ ಕೇಳಲು ದಾರಿ ಉಳಿಯುತ್ತದೆ.

ನಿರ್ದೇಶಕರಿಗೆ ಬರೆಯಲು ಕುಳಿತಾಗಲಂತೂ ಚೀಲವೇ ಮಾಯವಾಗುತ್ತದೆ. ‘ಮಾನ್ಯರೇ, ಸಾದರ ವಂದನೆಗಳು. ತಮ್ಮ ಮಾರ್ಗದರ್ಶನದಲ್ಲಿ ಶಾಖೆಯ ವ್ಯವಹಾರವು ಸುಗಮವಾಗಿ ನಡೆಯುತ್ತಿದ್ದು, ದಾಸ್ತಾನಿನ ಎಣಿಕೆಯಲ್ಲಿ ಕಂಡುಬಂದ ಅಲ್ಪ ವ್ಯತ್ಯಾಸವನ್ನು ಸರಿಪಡಿಸಲು ಕ್ರಮ ಕೈಗೊಳ್ಳಲಾಗಿದೆ ಎಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ.’ ‘ಕೈಗೊಳ್ಳಲಾಗಿದೆ’ ಎಂಬ ಕರ್ಮಣಿ ಪ್ರಯೋಗದಲ್ಲಿ, ಅಂದರೆ ಮಾಡಿದವರನ್ನು ಮರೆಸುವ ವಾಕ್ಯರಚನೆಯಲ್ಲಿ, ಕ್ರಮ ಕೈಗೊಂಡವರೂ ಕಾಣುವುದಿಲ್ಲ, ಕ್ರಮವೂ ಕಾಣುವುದಿಲ್ಲ. ವಿನಯವು ಹೆಚ್ಚಾದಷ್ಟೂ ವಿಷಯವು ಹಿಂದೆ ಸರಿಯುವುದು ಈ ಶೈಲಿಯ ಮೂಲದೋಷವಾಗಿದ್ದು, ಅದು ಹೊರಬೀಳುವುದು ಓದಿದವರು ಮರುಪ್ರಶ್ನೆ ಕೇಳಿದಾಗಲೇ. ತಾವೇ ಚಾಲಿ ಸುಲಿಸಿ ಮಾರುವ ನಿರ್ದೇಶಕರು ಐದೇ ನಿಮಿಷದಲ್ಲಿ ಫೋನ್ ಮಾಡುತ್ತಾರೆ: ‘ಅದಿರ್ಲಿ ಮಾರಾಯಾ, ಎಷ್ಟು ಚೀಲ ಕಮ್ಮಿ ಇದ್ದು ಹೇಳು?’

‘ಒಂದು’ ಎಂದು ವ್ಯವಸ್ಥಾಪಕರು ನಿಂತುಕೊಂಡೇ ಉತ್ತರಿಸುತ್ತಾರೆ.

ಸಂಜೆಯ ಹೊತ್ತಿಗೆ ಗುಮಾಸ್ತನು ಪಕ್ಕದ ಲಾಟಿನೊಳಗೆ ಸೇರಿಹೋಗಿದ್ದ ಚೀಲವನ್ನು ಪತ್ತೆಮಾಡುತ್ತಾನೆ. ‘ತಮ್ಮ ಆಶೀರ್ವಾದದಿಂದ ವ್ಯತ್ಯಾಸವು ಸರಿಹೋಗಿದೆ’ ಎಂಬ ಸಂದೇಶ ನಿರ್ದೇಶಕರಿಗೆ ಕೂಡಲೇ ಹೋಗುತ್ತದೆ. ಗುಮಾಸ್ತನಿಗೆ ಹೋಗುವುದು, ‘ಸಿಕ್ತಾ? ಸರಿ.’